ಕೋನ ಯಾವ ಗೆರೆಯಿಂದ?

ಪ್ರಥಮ ಪಿಯುಸಿ ಭೌತಶಾಸ್ತ್ರದ ಅಭ್ಯಾಸದ ಹಾಳೆಗಳಲ್ಲಿ ಈ ಬಗೆಯ ಚಿತ್ರ ಇದ್ದೇ ಇರುತ್ತದೆ. ನಡುವೆ ಒಂದು ಚುಕ್ಕಿ, ಅದರ ಮೂಲಕ ಹಾದುಹೋಗುವ ಒಂದು ಅಡ್ಡಗೆರೆ, ಒಂದು ಲಂಬಗೆರೆ. ಚುಕ್ಕಿಯಿಂದ ಮೂರು ಬಾಣಗಳು ಮೂರು ದಿಕ್ಕಿಗೆ ಹೊರಟಿವೆ. ಮೊದಲನೆಯದು ಬಲಕ್ಕೆ, ಮೇಲ್ಮುಖವಾಗಿ: 50 ನ್ಯೂಟನ್, ಅಡ್ಡಗೆರೆಯಿಂದ 37 ಡಿಗ್ರಿ. ಎರಡನೆಯದು ಎಡಕ್ಕೆ, ಮೇಲ್ಮುಖವಾಗಿ: 40 ನ್ಯೂಟನ್, ಲಂಬಗೆರೆಯಿಂದ 30 ಡಿಗ್ರಿ. ಮೂರನೆಯದು ಎಡಕ್ಕೆ, ಕೆಳಮುಖವಾಗಿ: 60 ನ್ಯೂಟನ್, ಅಡ್ಡಗೆರೆಯಿಂದ 30 ಡಿಗ್ರಿ. ಚುಕ್ಕಿಯ ಮೇಲೆ ಈ ಮೂರೂ ಬಲಗಳು ಒಟ್ಟಿಗೆ ಬಿದ್ದರೆ ಆಗುವ ಫಲಿತ ಬಲ ಎಷ್ಟು, ಅದು ಯಾವ ದಿಕ್ಕಿಗೆ ಎಂಬುದು ಪ್ರಶ್ನೆ.

ಇಲ್ಲಿರುವ ಗಣಿತ ಕಷ್ಟದ್ದಲ್ಲ. ಆರು ಗುಣಾಕಾರ, ಎರಡು ಕೂಡಿಕೆ, ಒಂದು ವರ್ಗಮೂಲ, ಅಷ್ಟೇ. ಆದರೂ ಹತ್ತನೇ ತರಗತಿಯ ಗಣಿತದಲ್ಲಿ ಒಳ್ಳೆಯ ಅಂಕ ತೆಗೆದ ಮಕ್ಕಳೂ ಇಲ್ಲಿ ಎಡವುತ್ತಾರೆ. ಹೆಚ್ಚಿನವರ ಲೆಕ್ಕ ತಪ್ಪುವುದು ಕೂಡುವಾಗಲ್ಲ, ಕೂಡುವುದಕ್ಕೂ ಮೊದಲು, ಚಿತ್ರವನ್ನು ಓದುವಾಗ. ಮೇಲಿನ ಚಿತ್ರದಲ್ಲಿ 30 ಡಿಗ್ರಿ ಎರಡು ಕಡೆ ಇದೆ. ಒಂದನ್ನು ಲಂಬಗೆರೆಯಿಂದ ಅಳೆದಿದೆ, ಇನ್ನೊಂದನ್ನು ಅಡ್ಡಗೆರೆಯಿಂದ. ಸಂಖ್ಯೆ ಒಂದೇ ಆದರೂ ಅವು ಬೇರೆ ಬೇರೆ ಕೋನಗಳು. ಓರೆ ಬಾಣಗಳ ಲೆಕ್ಕದಲ್ಲಿ ಆಗುವ ತಪ್ಪುಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳದೆ ಮುಂದೆ ಹೋದದ್ದರಿಂದ ಆದವು: ಈ ಕೋನವನ್ನು ಯಾವ ಗೆರೆಯಿಂದ ಅಳೆದಿದ್ದಾರೆ?

ಬರೀ ಸಂಖ್ಯೆ ಕೂಡಿದರೆ ಏಕೆ ಸಾಲದು

ಬಲ, ವೇಗ, ಸ್ಥಾನಪಲ್ಲಟ ಇವೆಲ್ಲ ಸದಿಶಗಳು. ಎಷ್ಟು ಎಂದು ಹೇಳಿದರೆ ಅರ್ಧ ಮಾತ್ರ ಹೇಳಿದಂತೆ. ಯಾವ ಕಡೆಗೆ ಎಂಬುದನ್ನೂ ಹೇಳಬೇಕು. ಅದಕ್ಕಾಗಿಯೇ ಅವುಗಳನ್ನು ಬಾಣವಾಗಿ ಬಿಡಿಸುತ್ತಾರೆ. ಬಾಣದ ಉದ್ದ ಪರಿಮಾಣವನ್ನೂ ಮೊನೆ ದಿಕ್ಕನ್ನೂ ತೋರಿಸುತ್ತದೆ.

3 ನ್ಯೂಟನ್ ಮತ್ತು 4 ನ್ಯೂಟನ್ ಬಲಗಳು ಒಂದೇ ಕಡೆಗೆ ಎಳೆದರೆ ಫಲಿತ 7. ಎದುರುಬದುರಾಗಿ ಎಳೆದರೆ 1. ಲಂಬಕೋನದಲ್ಲಿ ಎಳೆದರೆ 5. ಮಿಕ್ಕ ಕೋನಗಳಿಗೆಲ್ಲ ಉತ್ತರ 1 ಮತ್ತು 7ರ ನಡುವೆ ಎಲ್ಲಾದರೂ ಬರಬಹುದು. ಹಾಗಾಗಿ ಕೋನವನ್ನು ತಪ್ಪಾಗಿ ಓದಿದರೂ ಉತ್ತರ ಈ ಮಿತಿಯೊಳಗೇ ಬೀಳುತ್ತದೆ, ನೋಡಲು ಸರಿಯಾಗಿಯೇ ಕಾಣುತ್ತದೆ. ಈ ಲೆಕ್ಕಗಳಲ್ಲಿ ತಪ್ಪು ತಾನಾಗಿ ಬಯಲಿಗೆ ಬರದಿರುವುದು ಇದರಿಂದಲೇ.

ಎರಡು ಬಾಣಗಳನ್ನು ಕೂಡುವ ಮೂಲ ವಿಧಾನ ಚಿತ್ರದ್ದೇ. ಮೊದಲ ಬಾಣದ ಮೊನೆಗೆ ಎರಡನೆಯ ಬಾಣದ ಬುಡವನ್ನು ತಂದು ಜೋಡಿಸಬೇಕು. ಬಾಣವನ್ನು ಜರುಗಿಸಬಹುದು, ತಿರುಗಿಸುವಂತಿಲ್ಲ. ಕೊನೆಗೆ ಮೊದಲ ಬುಡದಿಂದ ಕೊನೆಯ ಮೊನೆಗೆ ಎಳೆದ ಬಾಣವೇ ಫಲಿತ. ಬಾಣಗಳು ಎಷ್ಟೇ ಇರಲಿ, ಯಾವ ಸರದಿಯಲ್ಲಿ ಜೋಡಿಸಿದರೂ ಉತ್ತರ ಒಂದೇ. ಈ ವಿಧಾನದಲ್ಲಿ ಎಲ್ಲ ಸರಿಯಿದೆ, ಆದರೆ ಉತ್ತರದ ನಿಖರತೆ ಪೆನ್ಸಿಲ್ಲಿನ ಮೊನೆಯನ್ನೂ ಕೈಯ ಸ್ಥಿರತೆಯನ್ನೂ ನೆಚ್ಚಿಕೊಂಡಿರುತ್ತದೆ. ಲೆಕ್ಕದಿಂದಲೇ ಉತ್ತರ ಬೇಕೆಂದರೆ ಬಾಣಗಳನ್ನು ಒಡೆಯಬೇಕು.

ಬಾಣವನ್ನು ಒಡೆಯುವುದು

ಒಂದು ಓರೆ ಬಾಣದ ಬದಲಿಗೆ ಒಂದು ಅಡ್ಡ ಬಾಣ ಮತ್ತು ಒಂದು ಲಂಬ ಬಾಣವನ್ನು ಇಡಬಹುದು. ಎರಡೂ ಸೇರಿ ಮಾಡುವ ಕೆಲಸ ಆ ಓರೆ ಬಾಣದ್ದೇ. ಇವನ್ನು ಘಟಕಗಳು ಎನ್ನುತ್ತೇವೆ. ನಡುಹಗಲಿನ ಬಿಸಿಲಲ್ಲಿ ಓರೆಯಾಗಿ ಹಿಡಿದ ಕೋಲಿನ ನೆರಳು ನೆಲದ ಮೇಲೆ ಬಿದ್ದ ಹಾಗೆ ಅಡ್ಡ ಘಟಕ. ಕೋಲು ನೆಲಕ್ಕೆ ಬಾಗಿದಷ್ಟೂ ನೆರಳು ಉದ್ದ, ನೆಟ್ಟಗೆ ನಿಂತಷ್ಟೂ ಗಿಡ್ಡ.

ಈ ಘಟಕದ ಉದ್ದವನ್ನು ಕಂಡುಹಿಡಿಯಲು ತ್ರಿಕೋನಮಿತಿ ಬೇಕು. ಲಂಬಕೋನ ತ್ರಿಭುಜದಲ್ಲಿ ಕೋನಕ್ಕೆ ತಾಗಿದ ಪಾರ್ಶ್ವ ಬಾಹುವನ್ನು ವಿಕರ್ಣದಿಂದ ಭಾಗಿಸಿದರೆ ಕೊಸೈನ್, ಕೋನದ ಎದುರಿಗಿರುವ ಅಭಿಮುಖ ಬಾಹುವನ್ನು ಭಾಗಿಸಿದರೆ ಸೈನ್. ಇಲ್ಲಿ ವಿಕರ್ಣ ಎಂದರೆ ನಮ್ಮ ಓರೆ ಬಾಣ. ಹಾಗಾಗಿ ನಿಯಮ ಇಷ್ಟೇ: ಕೋನವನ್ನು ಯಾವ ಗೆರೆಯಿಂದ ಅಳೆದಿದೆಯೋ ಆ ಗೆರೆಯ ಮೇಲಿನ ಘಟಕಕ್ಕೆ cos, ಇನ್ನೊಂದಕ್ಕೆ sin.

ಎಷ್ಟೋ ವಿದ್ಯಾರ್ಥಿಗಳು ಇದನ್ನು ಬೇರೆ ಬಗೆಯಲ್ಲಿ ನೆನಪಿಟ್ಟುಕೊಂಡಿರುತ್ತಾರೆ: ಅಡ್ಡ ಘಟಕಕ್ಕೆ cos, ಲಂಬ ಘಟಕಕ್ಕೆ sin. ಇದಕ್ಕೆ ಕಾರಣವೂ ಇದೆ. ಹತ್ತನೇ ತರಗತಿಯಲ್ಲಿ ಎತ್ತರ ಮತ್ತು ದೂರದ ಲೆಕ್ಕಗಳನ್ನು ಮಾಡುವಾಗ ಗೋಪುರದ ತುದಿಯನ್ನು ನೋಡುವ ಉನ್ನತ ಕೋನವಾಗಲಿ, ಮೇಲಿನಿಂದ ಕೆಳಗೆ ನೋಡುವ ಅವನತ ಕೋನವಾಗಲಿ, ಎರಡನ್ನೂ ಅಳೆಯುವುದು ಅಡ್ಡಗೆರೆಯಿಂದಲೇ. ವರ್ಷವಿಡೀ ಅದೇ ಚಿತ್ರವನ್ನು ಬಿಡಿಸಿದ ಕೈಗೆ ಅಡ್ಡ ಎಂದರೆ cos ಎಂಬುದು ರೂಢಿಯಾಗಿಬಿಡುತ್ತದೆ. ಅಲ್ಲಿ ಅದು ತಪ್ಪೂ ಅಲ್ಲ. ಆದರೆ ಭೌತಶಾಸ್ತ್ರದ ಹಾಳೆಯಲ್ಲಿ ಕೋನ ಲಂಬಗೆರೆಯಿಂದಲೂ ಇರಬಹುದು, ಇಳಿಜಾರಿನಿಂದಲೂ ಇರಬಹುದು, ಇನ್ನೊಂದು ಬಾಣದಿಂದಲೂ ಇರಬಹುದು. ರೂಢಿಯ ನಿಯಮ ಅಲ್ಲಿ ಕೈಕೊಡುತ್ತದೆ.

ಕಣ್ಣಿನಿಂದಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಬಾಣ ಯಾವ ಗೆರೆಯ ಕಡೆಗೆ ಹೆಚ್ಚು ವಾಲಿದೆಯೋ ಆ ಗೆರೆಯ ಮೇಲಿನ ಘಟಕ ದೊಡ್ಡದಾಗಿರಬೇಕು. ಲಂಬಗೆರೆಯಿಂದ ಬರೀ 30 ಡಿಗ್ರಿ ದೂರವಿರುವ ಬಾಣ ಹೆಚ್ಚುಕಡಿಮೆ ನೆಟ್ಟಗೇ ನಿಂತಿದೆ. ಅದರ ಲಂಬ ಘಟಕ ದೊಡ್ಡದು, ಅಡ್ಡ ಘಟಕ ಚಿಕ್ಕದು. cos 30° ಎಂದರೆ 0.866, sin 30° ಎಂದರೆ 0.5. ದೊಡ್ಡ ಸಂಖ್ಯೆ ಲಂಬ ಘಟಕಕ್ಕೆ ಹೋಗಿದೆಯೇ ಎಂದು ನೋಡಿಕೊಂಡರೆ ಸಾಕು. ಈ ಪರೀಕ್ಷೆ ಕೆಲಸ ಮಾಡದಿರುವುದು 45 ಡಿಗ್ರಿಯಲ್ಲಿ ಮಾತ್ರ; ಅಲ್ಲಿ ಎರಡೂ ಘಟಕ ಸಮ, ಎರಡಕ್ಕೂ 0.707. ಹಾಗಾಗಿ ಬರೀ 45 ಡಿಗ್ರಿಯ ಲೆಕ್ಕಗಳನ್ನು ಮಾಡಿ ಅಭ್ಯಾಸವಾದವರಿಗೆ ತಮ್ಮ ಗೊಂದಲ ಗೊತ್ತೇ ಆಗುವುದಿಲ್ಲ. cos ಮತ್ತು sin ಅದಲುಬದಲಾಗಿದ್ದರೂ ಉತ್ತರ ಸರಿಯಾಗಿ ಬಂದಿರುತ್ತದೆ.

ಮೂರು ಬಾಣಗಳ ಲೆಕ್ಕ

ಈಗ ಮೊದಲು ಹೇಳಿದ ಚಿತ್ರವನ್ನು ಬಿಡಿಸೋಣ. ಬಲಗಡೆಯನ್ನು ಮತ್ತು ಮೇಲ್ಗಡೆಯನ್ನು ಧನ ಎಂದು ಇಟ್ಟುಕೊಂಡರೆ ಎಡಗಡೆ ಮತ್ತು ಕೆಳಗಡೆ ಋಣ. ಚಿಹ್ನೆಯನ್ನು ಬಾಣದ ಮೊನೆ ನೋಡಿ ಹಾಕಬೇಕು. Cos ಅಥವಾ sin ತಾನಾಗಿ ಹಾಕಿಕೊಡುತ್ತದೆ ಎಂದು ಕಾಯಬಾರದು.

ಮೊದಲ ಬಾಣದ ಕೋನ ಅಡ್ಡಗೆರೆಯಿಂದ. ಆದ್ದರಿಂದ ಅಡ್ಡ ಘಟಕ 50 cos 37° = +40, ಲಂಬ ಘಟಕ 50 sin 37° = +30. ಪ್ರಶ್ನೆಪತ್ರಿಕೆಗಳಲ್ಲಿ 37 ಮತ್ತು 53 ಡಿಗ್ರಿ ಮತ್ತೆ ಮತ್ತೆ ಬರುವ ಗುಟ್ಟು ಇಲ್ಲೇ ಇದೆ. 3, 4, 5 ಬಾಹುಗಳ ಲಂಬಕೋನ ತ್ರಿಭುಜದಲ್ಲಿ ಒಂದು ಕೋನ 36.87 ಡಿಗ್ರಿ. ಅದನ್ನು 37 ಎಂದು ಇಟ್ಟುಕೊಂಡರೆ sin ಗೆ 0.6, cos ಗೆ 0.8 ಎಂದು ಬರೆದು ಲೆಕ್ಕವನ್ನು ಸುಲಭ ಮಾಡಿಕೊಳ್ಳಬಹುದು.

ಎರಡನೆಯ ಬಾಣದ ಕೋನ ಲಂಬಗೆರೆಯಿಂದ. ಈಗ cos ಲಂಬ ಘಟಕಕ್ಕೆ ಹೋಗುತ್ತದೆ: 40 cos 30° = +34.64. ಅಡ್ಡ ಘಟಕ 40 sin 30° = 20; ಬಾಣ ಎಡಕ್ಕಿರುವುದರಿಂದ −20.

ಮೂರನೆಯ ಬಾಣದ ಕೋನ ಮತ್ತೆ ಅಡ್ಡಗೆರೆಯಿಂದ. ಅಡ್ಡ ಘಟಕ 60 cos 30° = 51.96; ಎಡಕ್ಕಿರುವುದರಿಂದ −51.96. ಲಂಬ ಘಟಕ 60 sin 30° = 30; ಕೆಳಕ್ಕಿರುವುದರಿಂದ −30.

ಅಡ್ಡ ಘಟಕಗಳನ್ನು ಕೂಡಿದರೆ 40 − 20 − 51.96 = −31.96. ಲಂಬ ಘಟಕಗಳನ್ನು ಕೂಡಿದರೆ 30 + 34.64 − 30 = +34.64. ಮೂರು ಓರೆ ಬಾಣಗಳಿದ್ದ ಜಾಗದಲ್ಲಿ ಈಗ ಒಂದಕ್ಕೊಂದು ಲಂಬವಾದ ಎರಡೇ ಬಾಣಗಳು ಉಳಿದವು. ಪೈಥಾಗೊರಸ್ ಪ್ರಮೇಯದಿಂದ ಫಲಿತ ಬಲ √(31.96² + 34.64²), ಅಂದರೆ ಸುಮಾರು 47.1 ನ್ಯೂಟನ್.

ಎರಡನೆಯ ಬಾಣದಲ್ಲಿ ರೂಢಿಯಂತೆ ಅಡ್ಡಕ್ಕೆ cos ಹಾಕಿದ್ದರೆ ಏನಾಗುತ್ತಿತ್ತು? ಅಡ್ಡ ಮೊತ್ತ −46.60, ಲಂಬ ಮೊತ್ತ +20 ಆಗಿ ಫಲಿತ 50.7 ನ್ಯೂಟನ್ ಬರುತ್ತಿತ್ತು. 47.1 ಎಲ್ಲಿ, 50.7 ಎಲ್ಲಿ ಎನ್ನುವಷ್ಟು ಅಂತರವೇನೂ ಇಲ್ಲ. ಉತ್ತರವನ್ನು ನೋಡಿದರೆ ಯಾರಿಗೂ ಅನುಮಾನ ಬರದು. ಆದರೆ ದಿಕ್ಕು ಸುಮಾರು 24 ಡಿಗ್ರಿಯಷ್ಟು ಬೇರೆ ಕಡೆಗೆ ಹೋಗಿರುತ್ತದೆ. ಫಲಿತದ ಪರಿಮಾಣವನ್ನು ಮಾತ್ರ ಕಂಡುಹಿಡಿದು ದಿಕ್ಕನ್ನು ಬಿಟ್ಟುಬಿಡುವ ವಿದ್ಯಾರ್ಥಿ ಕಳೆದುಕೊಳ್ಳುವುದು ಒಂದು ಅಂಕವನ್ನಷ್ಟೇ ಅಲ್ಲ, ತನ್ನ ತಪ್ಪು ಸಿಕ್ಕಿಬೀಳಬಹುದಾಗಿದ್ದ ಒಂದೇ ಜಾಗವನ್ನೂ ಕಳೆದುಕೊಳ್ಳುತ್ತಾನೆ.

ಕ್ಯಾಲ್ಕುಲೇಟರ್ ತೋರಿಸುವ ದಿಕ್ಕು

ದಿಕ್ಕನ್ನು ಕಂಡುಹಿಡಿಯಲು ಲಂಬ ಮೊತ್ತವನ್ನು ಅಡ್ಡ ಮೊತ್ತದಿಂದ ಭಾಗಿಸಿ ವಿಲೋಮ tan ತೆಗೆದುಕೊಳ್ಳುತ್ತೇವೆ. ನಮ್ಮ ಲೆಕ್ಕದಲ್ಲಿ 34.64 ÷ (−31.96) = −1.084. ಕ್ಯಾಲ್ಕುಲೇಟರಿನಲ್ಲಿ ಇದರ ವಿಲೋಮ tan ಒತ್ತಿದರೆ −47.3 ಡಿಗ್ರಿ ಎಂದು ಬರುತ್ತದೆ. ಅದನ್ನು ಹಾಗೆಯೇ ಬರೆದುಕೊಂಡರೆ ಫಲಿತ ಬಲ ಬಲಕ್ಕೆ, ಕೆಳಮುಖವಾಗಿ ಹೋಯಿತು ಎಂದಾಗುತ್ತದೆ. ನಿಜವಾದ ಫಲಿತ ಇರುವುದು ನೇರ ಎದುರು ದಿಕ್ಕಿನಲ್ಲಿ: ಎಡಕ್ಕೆ, ಮೇಲ್ಮುಖವಾಗಿ.

ಯಂತ್ರದ ತಪ್ಪೇನೂ ಇಲ್ಲ. ಋಣವನ್ನು ಧನದಿಂದ ಭಾಗಿಸಿದರೂ ಧನವನ್ನು ಋಣದಿಂದ ಭಾಗಿಸಿದರೂ ಸಿಗುವುದು ಒಂದೇ ಋಣ ಸಂಖ್ಯೆ. ಯಾವುದು ಋಣವಾಗಿತ್ತು ಎಂಬ ಸುದ್ದಿ ಭಾಗಾಕಾರದಲ್ಲೇ ಅಳಿಸಿಹೋಗಿರುತ್ತದೆ. ಹಾಗಾಗಿ ಯಂತ್ರ ಯಾವಾಗಲೂ ಬಲಭಾಗದ ಉತ್ತರವನ್ನೇ ಕೊಡುತ್ತದೆ, −90 ರಿಂದ +90 ಡಿಗ್ರಿಯೊಳಗೆ. ಅಡ್ಡ ಮೊತ್ತ ಋಣವಾಗಿದ್ದರೆ ಬಂದ ಉತ್ತರಕ್ಕೆ 180 ಕೂಡಬೇಕು. ಇಲ್ಲಿ −47.3 + 180 = 132.7 ಡಿಗ್ರಿ, ಬಲಗಡೆಯ ಅಡ್ಡಗೆರೆಯಿಂದ ಅಪ್ರದಕ್ಷಿಣವಾಗಿ.

ಇದಕ್ಕಿಂತ ನಿಶ್ಚಿಂತೆಯ ದಾರಿಯೊಂದಿದೆ. ಚಿಹ್ನೆಗಳನ್ನು ಪಕ್ಕಕ್ಕಿಟ್ಟು 34.64 ಅನ್ನು 31.96 ರಿಂದ ಭಾಗಿಸಿ 47.3 ಡಿಗ್ರಿ ಎಂಬ ಸಾದಾ ಕೋನವನ್ನು ಪಡೆಯಿರಿ. ನಂತರ ಉಳಿದ ಎರಡು ಬಾಣಗಳ ಪುಟ್ಟ ಚಿತ್ರ ಬಿಡಿಸಿ, ಒಂದು ಎಡಕ್ಕೆ, ಒಂದು ಮೇಲಕ್ಕೆ. ಚಿತ್ರದಲ್ಲಿ ಕಂಡದ್ದನ್ನು ಮಾತಿನಲ್ಲೇ ಬರೆಯಿರಿ: ಎಡಗಡೆಯ ಅಡ್ಡಗೆರೆಯಿಂದ ಮೇಲಕ್ಕೆ 47.3 ಡಿಗ್ರಿ. ಯಾವ ಗೆರೆಯಿಂದ ಎಂಬುದು ಉತ್ತರದಲ್ಲೂ ಇರಬೇಕು. ಬರೀ 47.3 ಡಿಗ್ರಿ ಎಂದು ಬರೆದರೆ ನಾಲ್ಕು ದಿಕ್ಕುಗಳಲ್ಲಿ ಯಾವುದೆಂದು ಓದುವವರಿಗೆ ತಿಳಿಯದು.

ಸ್ಕೇಲಿನಿಂದ ತಾಳೆ ನೋಡುವುದು

ಉತ್ತರ ಸರಿಯೇ ಎಂದು ತಿಳಿಯಲು ಎರಡು ನಿಮಿಷದ ಕೆಲಸ ಸಾಕು. 10 ನ್ಯೂಟನ್‌ಗೆ 1 ಸೆಂಟಿಮೀಟರ್ ಎಂದು ಇಟ್ಟುಕೊಂಡು 5, 4 ಮತ್ತು 6 ಸೆಂಟಿಮೀಟರಿನ ಬಾಣಗಳನ್ನು ಕೋನಮಾಪಕ ಹಿಡಿದು ಮೊನೆಗೆ ಬುಡ ಜೋಡಿಸುತ್ತಾ ಬಿಡಿಸಿ. ಪ್ರತಿ ಬಾಣದ ಬುಡದಲ್ಲಿ ಹೊಸದಾಗಿ ಒಂದು ಅಡ್ಡಗೆರೆ, ಒಂದು ಲಂಬಗೆರೆಯನ್ನು ತೆಳುವಾಗಿ ಎಳೆದುಕೊಂಡರೆ ಕೋನ ಅಳೆಯುವುದು ಸಲೀಸು. ಹೊರಟ ಚುಕ್ಕಿಯಿಂದ ಕೊನೆಯ ಮೊನೆಗೆ ಅಳೆದರೆ 4.7 ಸೆಂಟಿಮೀಟರ್ ಆಸುಪಾಸು ಬರಬೇಕು, ದಿಕ್ಕು ಎಡಕ್ಕೆ ಮೇಲೆ. ಒಂದು ಮಿಲಿಮೀಟರ್ ಹೆಚ್ಚುಕಡಿಮೆ ಎಂದರೆ ಒಂದು ನ್ಯೂಟನ್ ಹೆಚ್ಚುಕಡಿಮೆ. ಕೋನದಲ್ಲಿ ಎರಡು ಮೂರು ಡಿಗ್ರಿ ತಪ್ಪಬಹುದು. ಆದರೆ 133 ಡಿಗ್ರಿಗೂ 157 ಡಿಗ್ರಿಗೂ ಇರುವ ವ್ಯತ್ಯಾಸವನ್ನು ಯಾವ ಒರಟು ಚಿತ್ರವೂ ಮರೆಮಾಚದು.

ಒಂದು ಎಚ್ಚರಿಕೆ: ಅಳೆಯಬೇಕಾದದ್ದು ನೀವು ಬಿಡಿಸಿದ ಚಿತ್ರವನ್ನು, ಹಾಳೆಯಲ್ಲಿ ಅಚ್ಚಾದ ಚಿತ್ರವನ್ನಲ್ಲ. ಅಚ್ಚಿನ ಚಿತ್ರಗಳನ್ನು ಸಾಮಾನ್ಯವಾಗಿ ಅಳತೆಗೆ ಸರಿಯಾಗಿ ಬಿಡಿಸಿರುವುದಿಲ್ಲ. 30 ಡಿಗ್ರಿ ಎಂದು ಬರೆದ ಬಾಣ 40 ಡಿಗ್ರಿಯಲ್ಲಿ ನಿಂತಿರಬಹುದು, 60 ನ್ಯೂಟನ್ ಬಾಣ 40ರದ್ದಕ್ಕಿಂತ ಗಿಡ್ಡವಾಗಿರಬಹುದು. ಬರೆದ ಸಂಖ್ಯೆಯನ್ನು ನಂಬಬೇಕು. ಕೋನದ ಕಮಾನು ಯಾವ ಎರಡು ಗೆರೆಗಳ ನಡುವೆ ಇದೆ ಎಂಬುದನ್ನು ಗಮನಿಸಬೇಕು. ಕೋನಕ್ಕೆ ಹಾಕಿದ ಆ ಸಣ್ಣ ಕಮಾನೇ ಇಡೀ ಚಿತ್ರದಲ್ಲಿ ಅತಿ ಮುಖ್ಯವಾದ ಗುರುತು.

ಎರಡು ಬಾಣಗಳ ನಡುವಿನ ಕೋನ

ಎರಡೇ ಬಾಣಗಳಿದ್ದಾಗ ನೇರವಾಗಿ ಬಳಸುವ ಸೂತ್ರವೊಂದಿದೆ:

R² = A² + B² + 2AB cos θ

ಸಮಾಂತರ ಚತುರ್ಭುಜ ನಿಯಮದಿಂದ ಬಂದ ಸೂತ್ರವಿದು. ಬಲಗಳಿಗೆ ಆ ನಿಯಮ ಹೇಗೆ ಹೊಂದುತ್ತದೆಂದು ನ್ಯೂಟನ್ 1687ರ ತಮ್ಮ ಪ್ರಿನ್ಸಿಪಿಯಾದಲ್ಲಿ ಚಲನೆಯ ನಿಯಮಗಳ ಬೆನ್ನಿಗೇ ಮೊದಲ ಉಪಪ್ರಮೇಯವಾಗಿ ಇಟ್ಟರು. ಇಲ್ಲಿ θ ಎಂದರೆ ಎರಡು ಬಾಣಗಳ ಬುಡಗಳನ್ನು ಒಂದೇ ಚುಕ್ಕಿಯಲ್ಲಿ ಇಟ್ಟಾಗ ನಡುವೆ ಕಾಣುವ ಕೋನ. ಬುಡಗಳು ಒಂದೇ ಕಡೆ ಇರಬೇಕೆಂಬ ಈ ಷರತ್ತನ್ನು ಮರೆತರೆ ಸೂತ್ರ ತಪ್ಪು ಉತ್ತರ ಕೊಡುತ್ತದೆ.

ಹಾಳೆಯಲ್ಲಿ 10 ನ್ಯೂಟನ್‌ನ ಎರಡು ಬಾಣಗಳನ್ನು ಮೊನೆಗೆ ಬುಡ ತಾಗಿಸಿ ಬಿಡಿಸಿದ್ದಾರೆ, ಅವು ಕೂಡುವ ಮೂಲೆಯ ಒಳಗೆ 60 ಡಿಗ್ರಿ ಎಂದು ಬರೆದಿದೆ ಎಂದಿಟ್ಟುಕೊಳ್ಳಿ. θ ಜಾಗದಲ್ಲಿ 60 ಹಾಕಿದರೆ R ಎಂದರೆ 17.3 ನ್ಯೂಟನ್ ಬರುತ್ತದೆ. ಆದರೆ ಚಿತ್ರ ಏನು ಹೇಳುತ್ತಿದೆ ನೋಡಿ. ಎರಡು ಸಮ ಬಾಹುಗಳು, ನಡುವೆ 60 ಡಿಗ್ರಿ. ಅದು ಸಮಬಾಹು ತ್ರಿಭುಜ. ಮೂರನೆಯ ಬಾಹು, ಅಂದರೆ ಫಲಿತ, 10 ನ್ಯೂಟನ್ನೇ ಆಗಬೇಕು. ಮೊದಲ ಬಾಣವನ್ನು ಮೊನೆಯಿಂದ ಮುಂದಕ್ಕೆ ಚುಕ್ಕೆಗೆರೆಯಾಗಿ ಎಳೆದು ನೋಡಿದರೆ ಎರಡನೆಯ ಬಾಣ ಅದರಿಂದ 120 ಡಿಗ್ರಿ ತಿರುಗಿದೆ. ಆ 120 ಡಿಗ್ರಿಯೇ θ. cos 120° ಎಂದರೆ −0.5, ಸೂತ್ರಕ್ಕೆ ಹಾಕಿದರೆ 100 + 100 − 100, ವರ್ಗಮೂಲ 10. ಈಗ ತಾಳೆಯಾಯಿತು.

ತ್ರಿಭುಜದ ಒಳಗಿನ ಕೋನವನ್ನೇ ಬಳಸುವುದಾದರೆ ಸೂತ್ರದ ಕೂಡು ಚಿಹ್ನೆ ಕಳೆ ಚಿಹ್ನೆಯಾಗುತ್ತದೆ. ಗಣಿತದ ತರಗತಿಯಲ್ಲಿ ಕಳೆ, ಭೌತಶಾಸ್ತ್ರದ ತರಗತಿಯಲ್ಲಿ ಕೂಡು ಏಕೆ ಎಂದು ಮಕ್ಕಳು ಕೇಳುವುದುಂಟು. ಸೂತ್ರ ಎರಡೂ ಕಡೆ ಒಂದೇ, ಕೋನವನ್ನು ಅಳೆದ ಜಾಗ ಬೇರೆ.

ಇಳಿಜಾರಿನ ಮೇಲಿನ ಪೆಟ್ಟಿಗೆ

ಇಳಿಜಾರಿನ ಲೆಕ್ಕದಲ್ಲಿ ಅಡ್ಡ ಮತ್ತು ಲಂಬ ಗೆರೆಗಳನ್ನು ಬಿಟ್ಟು, ಇಳಿಜಾರಿನ ಉದ್ದಕ್ಕೆ ಒಂದು, ಅದಕ್ಕೆ ಲಂಬವಾಗಿ ಇನ್ನೊಂದು ಎಂದು ಗೆರೆ ಹಾಕಿಕೊಳ್ಳುತ್ತೇವೆ. ಪೆಟ್ಟಿಗೆ ಜಾರುವುದು ಇಳಿಜಾರಿನ ಉದ್ದಕ್ಕೇ ಆದ್ದರಿಂದ ಇದೇ ಅನುಕೂಲ. 5 ಕಿಲೋಗ್ರಾಂ ಪೆಟ್ಟಿಗೆ, ನೆಲದಿಂದ 30 ಡಿಗ್ರಿ ಎತ್ತಿದ ಹಲಗೆ ಎಂದುಕೊಳ್ಳೋಣ. ಪೆಟ್ಟಿಗೆಯ ತೂಕ 49 ನ್ಯೂಟನ್, ನೇರ ಕೆಳಕ್ಕೆ.

ಚಿತ್ರದಲ್ಲಿ 30 ಡಿಗ್ರಿ ಬರೆದಿರುವುದು ಹಲಗೆ ಮತ್ತು ನೆಲದ ನಡುವೆ, ಕೆಳಗಿನ ಮೂಲೆಯಲ್ಲಿ. ನಮಗೆ ಬೇಕಾದದ್ದು ತೂಕದ ಬಾಣದ ಹತ್ತಿರದ ಕೋನ. ಹಲಗೆ ನೆಲದ ಮೇಲೆ ಮಲಗಿದ್ದಾಗ ಅದಕ್ಕೆ ಲಂಬವಾದ ಗೆರೆಯೂ ತೂಕದ ಗೆರೆಯೂ ಒಂದೇ ಆಗಿದ್ದವು. ಹಲಗೆಯನ್ನು 30 ಡಿಗ್ರಿ ಎತ್ತಿದರೆ ಅದರ ಲಂಬವೂ ಅಷ್ಟೇ ತಿರುಗುತ್ತದೆ, ತೂಕ ಮಾತ್ರ ಇದ್ದ ಹಾಗೇ ಇರುತ್ತದೆ. ಹಾಗಾಗಿ ಈಗ ತೂಕಕ್ಕೂ ಹಲಗೆಯ ಲಂಬಕ್ಕೂ ನಡುವೆ 30 ಡಿಗ್ರಿ. ಕೋನ ಲಂಬದಿಂದ, ಆದ್ದರಿಂದ ಲಂಬ ಘಟಕಕ್ಕೆ cos: 49 cos 30° = 42.4 ನ್ಯೂಟನ್, ಪೆಟ್ಟಿಗೆ ಹಲಗೆಯನ್ನು ಒತ್ತುವ ಬಲ. ಇಳಿಜಾರಿನ ಉದ್ದಕ್ಕೆ 49 sin 30° = 24.5 ನ್ಯೂಟನ್, ಜಾರಿಸುವ ಬಲ.

ಸಂಶಯವಿದ್ದರೆ ಹಲಗೆಯನ್ನು ಮನಸ್ಸಿನಲ್ಲೇ ಪೂರ್ತಿ ಇಳಿಸಿ ನೋಡಿ. ಕೋನ ಸೊನ್ನೆ. ಸಮತಟ್ಟಾದ ಹಲಗೆಯ ಮೇಲೆ ಪೆಟ್ಟಿಗೆ ಜಾರದು, ಜಾರಿಸುವ ಬಲ ಸೊನ್ನೆಯಾಗಬೇಕು. sin 0° ಸೊನ್ನೆ, cos 0° ಒಂದು. ಆದ್ದರಿಂದ ಜಾರಿಸುವ ಬಲದ ಜೊತೆಗಿರಬೇಕಾದದ್ದು sin.

ತ್ರಿಕೋನಮಿತಿಯ ಹಂಗಿಲ್ಲದೆ ಇದನ್ನು ತೋರಿಸಿಕೊಟ್ಟವರು ಬ್ರೂಗ್ಸ್‌ನಲ್ಲಿ ಹುಟ್ಟಿದ ಸೈಮನ್ ಸ್ಟೆವಿನ್. 1586ರಲ್ಲಿ ಡಚ್ ಭಾಷೆಯಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಎರಡು ಕಡೆ ಇಳಿಜಾರಿರುವ ದಿಮ್ಮಿಯೊಂದರ ಸುತ್ತ ಗುಂಡುಗಳ ಸರವನ್ನು ಹಾಕಿದ ಚಿತ್ರವಿದೆ. ಒಂದು ಇಳಿಜಾರು ಇನ್ನೊಂದರ ಎರಡರಷ್ಟು ಉದ್ದ, ಅದರ ಮೇಲಿರುವ ಗುಂಡುಗಳೂ ಎರಡರಷ್ಟು. ಸರ ತಾನಾಗಿ ಜಾರತೊಡಗಿದರೆ ಅದು ಎಂದೂ ನಿಲ್ಲಲಾರದು, ಏಕೆಂದರೆ ಎಷ್ಟು ಜಾರಿದರೂ ಚಿತ್ರ ಮೊದಲಿನಂತೆಯೇ ಇರುತ್ತದೆ. ಹಾಗೆ ಆಗುವುದಿಲ್ಲವಾದ್ದರಿಂದ ಎರಡೂ ಕಡೆಯ ಎಳೆತ ಸಮವಾಗಿರಲೇಬೇಕು. ಅಂದರೆ ಒಂದೇ ಎತ್ತರಕ್ಕೆ ಇಳಿಜಾರು ಎಷ್ಟು ಪಟ್ಟು ಉದ್ದವಾಗಿದೆಯೋ ಅಷ್ಟು ಪಟ್ಟು ಎಳೆತ ಕಡಿಮೆ. 30 ಡಿಗ್ರಿಯ ಹಲಗೆಯ ಉದ್ದ ಅದರ ಎತ್ತರದ ಎರಡರಷ್ಟು. ಜಾರಿಸುವ ಬಲ ತೂಕದ ಅರ್ಧ, 49ರಲ್ಲಿ 24.5. ನಮ್ಮ ಲೆಕ್ಕವೂ ಅದನ್ನೇ ಹೇಳಿತು.

ಇಳಿಜಾರಿನ ಚಿತ್ರದಲ್ಲಿ ಇನ್ನೊಂದು ತಪ್ಪೂ ಆಗುತ್ತದೆ. ತೂಕವನ್ನು ಎರಡು ಘಟಕಗಳಾಗಿ ಒಡೆದ ಮೇಲೂ ಮೂಲ ಬಾಣ ಚಿತ್ರದಲ್ಲಿ ಹಾಗೆಯೇ ಉಳಿದಿರುತ್ತದೆ, ಬಲಗಳನ್ನು ಕೂಡುವಾಗ ಅದನ್ನೂ ಸೇರಿಸಿಬಿಡುತ್ತಾರೆ. ತೂಕ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಘಟಕಗಳನ್ನು ಬಿಡಿಸಿದ ಕೂಡಲೇ ಮೂಲ ಬಾಣದ ಮೇಲೆ ಅಂಕುಡೊಂಕಾದ ಗೆರೆಯೊಂದನ್ನು ಎಳೆದು ಹೊಡೆದುಹಾಕಿದರೆ ಈ ತೊಂದರೆ ಇಲ್ಲ.

ಹಗ್ಗದ ಕೋನ

ಚಾವಣಿಯಿಂದ ಎರಡು ಹಗ್ಗಗಳಲ್ಲಿ 100 ನ್ಯೂಟನ್ ತೂಕದ ವಸ್ತು ತೂಗುತ್ತಿದೆ. ಎರಡೂ ಹಗ್ಗ ಒಂದೇ ಓರೆಯಲ್ಲಿವೆ, ಕೋನ 30 ಡಿಗ್ರಿ. ಪ್ರತಿ ಹಗ್ಗದಲ್ಲಿ ಎಳೆತ ಎಷ್ಟು?

ಇದು ಲಂಬಗೆರೆಯಿಂದ 30 ಡಿಗ್ರಿ ಆಗಿದ್ದರೆ ಹಗ್ಗಗಳು ಹೆಚ್ಚುಕಡಿಮೆ ನೆಟ್ಟಗಿವೆ. ಮೇಲ್ಮುಖ ಘಟಕ T cos 30°; ಎರಡು ಹಗ್ಗ ಸೇರಿ 2T cos 30° = 100, T ಸುಮಾರು 57.7 ನ್ಯೂಟನ್. ಚಾವಣಿಯಿಂದ 30 ಡಿಗ್ರಿ ಆಗಿದ್ದರೆ ಹಗ್ಗಗಳು ಅಗಲವಾಗಿ ಹರಡಿಕೊಂಡಿವೆ. ಈಗ 2T sin 30° = 100, T ಪೂರ್ತಿ 100 ನ್ಯೂಟನ್. ಎರಡು ಹಗ್ಗಗಳಿದ್ದರೂ ಒಂದೊಂದೂ ಇಡೀ ತೂಕದಷ್ಟು ಎಳೆತವನ್ನು ತಾಳಬೇಕು. ಹಗ್ಗಗಳ ನಡುವೆ ಆಗ 120 ಡಿಗ್ರಿ ಇರುತ್ತದೆ. ಸಮಬಾಹು ತ್ರಿಭುಜದಲ್ಲಿ ನೋಡಿದ ಲೆಕ್ಕವೇ ಇದು.

ಚಾವಣಿಯಿಂದ ಕೋನ 5 ಡಿಗ್ರಿಗೆ ಇಳಿದರೆ ಎಳೆತ ಸುಮಾರು 574 ನ್ಯೂಟನ್ ಆಗುತ್ತದೆ, ತೂಕದ ಐದು ಪಟ್ಟಿಗೂ ಹೆಚ್ಚು. ಬಟ್ಟೆ ಒಣಹಾಕುವ ಹಗ್ಗವನ್ನು ಬಿಗಿಯಾಗಿ ಕಟ್ಟಿದಷ್ಟೂ ಒದ್ದೆ ಬಟ್ಟೆಯ ಭಾರಕ್ಕೆ ಮೊಳೆ ಕಿತ್ತುಬರುವುದು ಇದರಿಂದಲೇ. ಕೋನ ಸೊನ್ನೆಯಾದರೆ ಸೂತ್ರದ ಉತ್ತರಕ್ಕೆ ಮಿತಿಯೇ ಇಲ್ಲ. ಭಾರ ಹೊತ್ತ ಹಗ್ಗವನ್ನು ಒಂದಿಷ್ಟೂ ಜೋಲು ಬೀಳದಂತೆ ಸಂಪೂರ್ಣ ನೇರವಾಗಿ ಎಳೆದು ನಿಲ್ಲಿಸಲು ಯಾರಿಂದಲೂ ಆಗದು.

ಹಾಳೆ ಮಾಡುವವರಿಗೆ, ಬಿಡಿಸುವವರಿಗೆ

ಬಾಣದ ಪಕ್ಕದಲ್ಲಿ ಬರೀ 30 ಡಿಗ್ರಿ ಎಂದು ಬರೆದು ಕಮಾನು ಹಾಕದ ಚಿತ್ರ ಅಪೂರ್ಣ ಪ್ರಶ್ನೆ. ಎರಡು ಬೇರೆ ಉತ್ತರಗಳು ಸರಿಯಾಗುವ ಪ್ರಶ್ನೆಯಿಂದ ಮಗುವಿನ ತಿಳಿವಳಿಕೆಯನ್ನು ಅಳೆಯಲಾಗದು. ಪ್ರಶ್ನೆ ಹಾಕುವ ಉಪನ್ಯಾಸಕರಲ್ಲಿ ನನ್ನ ಕೋರಿಕೆ ಇದು: ಕೋನವನ್ನು ಅಳೆದ ಗೆರೆಯನ್ನು ಚುಕ್ಕೆಗೆರೆಯಾಗಿಯಾದರೂ ಬಿಡಿಸಿ, ಕಮಾನು ಹಾಕಿ, ಒಂದೇ ಹಾಳೆಯಲ್ಲಿ ಅಡ್ಡಗೆರೆಯಿಂದ ಅಳೆದ ಕೋನವನ್ನೂ ಲಂಬಗೆರೆಯಿಂದ ಅಳೆದ ಕೋನವನ್ನೂ ಬೇಕೆಂದೇ ಸೇರಿಸಿ. 45 ಡಿಗ್ರಿಯ ಲೆಕ್ಕಗಳನ್ನು ಕಡಿಮೆ ಮಾಡಿ. ದಿಕ್ಕು ಬರೆಯದ ಉತ್ತರಕ್ಕೆ ಪೂರ್ತಿ ಅಂಕ ಕೊಡಬೇಡಿ.

ವಿದ್ಯಾರ್ಥಿಗಳಿಗೆ ಹೇಳುವುದು ಒಂದೇ ಮಾತು. cos ಅಥವಾ sin ಬರೆಯುವ ಮೊದಲು ಪ್ರತಿ ಬಾಣದ ಪಕ್ಕದಲ್ಲಿ ಅದರ ಕೋನ ಯಾವ ಗೆರೆಯಿಂದ ಎಂದು ಎರಡು ಪದದಲ್ಲಿ ಬರೆದುಕೊಳ್ಳಿ. ಆಮೇಲಿನ ಲೆಕ್ಕಕ್ಕೆ ನಿಮಗೆ ಹತ್ತನೇ ತರಗತಿಯ ಗಣಿತವೇ ಸಾಕು.